ಬಫೆ ಮದುವೆಗೆ ಪ್ಲೇಟ್ ರೇಟ್ ಹಾಕೋದು ಹೇಗೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ತಿಪಟೂರಲ್ಲಿ ನಮ್ಮದು ಸಣ್ಣ ಕೇಟರಿಂಗ್. ಇಷ್ಟು ದಿನ ಎಲೆ ಊಟವೇ ಮಾಡ್ಕೊಂಡು ಬಂದಿದ್ದು, ಈಗ ಮೊದಲ ದೊಡ್ಡ ಬಫೆ ಸಿಕ್ಕಿದೆ. ಛತ್ರ ಇಲ್ಲಿಂದ 60 ಕಿ.ಮೀ.

600 ಪ್ಲೇಟಿಗೆ ಲೆಕ್ಕ ಹಾಕಿದೆ. ದಿನಸಿ, ತರಕಾರಿ, ಹಾಲು ಸೇರಿ ಪ್ಲೇಟಿಗೆ 150 ರೂಪಾಯಿ. ಗ್ಯಾಸ್, ನೀರಿನ ಬಾಟಲಿಗೆ 15. ಭಟ್ಟರು, ಕೌಂಟರ್ ಹುಡುಗರು, ಪಾತ್ರೆ ತೊಳೆಯೋರ ಕೂಲಿ 30,000, ಟೆಂಪೋ ಬಾಡಿಗೆ 9,000. ಎರಡೂ ಸೇರಿ ಪ್ಲೇಟಿಗೆ 65. ಒಟ್ಟು ಅಸಲು 230.

ಈಗ ಹೆಣ್ಣಿನ ತಂದೆ ಫೋನ್ ಮಾಡಿ, "400 ಪ್ಲೇಟಿಗಷ್ಟೇ ಗ್ಯಾರಂಟಿ ಕೊಡ್ತೀನಿ, ರೇಟ್ ಮಾತ್ರ ಅದೇ ಇರಲಿ" ಅಂತಾರೆ. ದಿನಸಿ ಕಮ್ಮಿ ಮಾಡಬಹುದು. ಆದರೆ ಟೆಂಪೋ ಅದೇ, ಭಟ್ಟರೂ ಅಷ್ಟೇ. ಇಬ್ಬರು ಹುಡುಗರನ್ನ ಬಿಟ್ರೂ ಹೆಚ್ಚೇನೂ ಉಳಿಯಲ್ಲ. ಅದೇ 39,000 ಅನ್ನ 400ಕ್ಕೆ ಹಂಚಿದ್ರೆ ಪ್ಲೇಟಿಗೆ 97.50 ಆಗುತ್ತೆ. ಹಳೇ ರೇಟಿಗೆ ಒಪ್ಪಿದ್ರೆ 13,000 ನನ್ನ ಕೈಯಿಂದ ಹೋಗುತ್ತೆ.

ಇನ್ನೊಂದು ತಲೆನೋವು ವೇಸ್ಟೇಜ್. ಹಿಂದೆ ಒಂದು ನಾಮಕರಣಕ್ಕೆ ಬಫೆ ಇಟ್ಟಾಗ ಮೊದಲು ಬಂದವರು ತಟ್ಟೆ ತುಂಬಾ ಪಲಾವ್ ಹಾಕ್ಕೊಂಡು ಅರ್ಧ ಬಿಟ್ರು, ಕೊನೇ ಐವತ್ತು ಜನಕ್ಕೆ ಹೋಳಿಗೆನೇ ಇಲ್ಲ! ಅದಕ್ಕೇ ಈ ಸಲ 8% ಸೇರಿಸೋಣ ಅಂತಿದೀನಿ. ದಿನಸಿ ಮೇಲಷ್ಟೇ ಹಾಕಿದ್ರೆ 12 ರೂಪಾಯಿ, 230ರ ಮೇಲೆ ಹಾಕಿದ್ರೆ 18.40. ಕೂಲಿ ಏನು ತಟ್ಟೇಲಿ ಉಳಿಯುತ್ತಾ ಅಂತ ನನ್ನ ಹೆಂಡತಿ ಕೇಳ್ತಾಳೆ.

ಬಫೆ ಮಾಡಿ ಅನುಭವ ಇರೋರು ಹೇಳಿ: ಕೂಲಿ, ಟೆಂಪೋ ಪ್ಲೇಟ್ ರೇಟಲ್ಲೇ ಸೇರಿಸ್ತೀರಾ, ಬೇರೆ ಮೊತ್ತ ಅಂತ ತಗೋತೀರಾ? ವೇಸ್ಟೇಜ್ ಯಾವುದರ ಮೇಲೆ, ಎಷ್ಟು ಪರ್ಸೆಂಟ್?