ದೊಡ್ಡ ಗಿರಾಕಿಗಳ ಕಡೆಯೇ ನಿಂತ ಬಾಕಿಗೆ ಏನನ್ನೋಣ?

ಬೆಳಗಾವಿಯ ಅನುವಾದಕಿ:

ಎಲ್ಲರಿಗೂ ನಮಸ್ಕಾರ. ಉದ್ಯಮಬಾಗದ ಫೌಂಡ್ರಿ, ಮಷಿನ್ ಶಾಪ್‌ನವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು. 'ರಿಸೀವೇಬಲ್ಸ್ ಕಾನ್ಸಂಟ್ರೇಶನ್' ಅನ್ನುವ ತಲೆಬರಹದಲ್ಲಿ ಸಿಕ್ಕಿಕೊಂಡಿದ್ದೇನೆ. ಇನ್ನೂ ದುಡ್ಡು ಬರದ ಬಿಲ್ಲುಗಳಲ್ಲಿ ದೊಡ್ಡ ಗಿರಾಕಿಗಳ ಪಾಲು ಎಷ್ಟು, ಅದರಿಂದ ಏನು ಅಪಾಯ ಅನ್ನೋದು ವಿಷಯ. 'ಬಾಕಿ ಕೇಂದ್ರೀಕರಣ' ಅಂತ ಬರೆದೆ. ಯಾರೋ ಬೇಕಂತಲೇ ಬಾಕಿಯನ್ನು ಒಂದೆಡೆ ಸೇರಿಸಿದ ಹಾಗೆ ಕೇಳಿಸುತ್ತದೆ. 'ಸಾಂದ್ರತೆ' ಅಂದರೆ ಆಸಿಡ್ ನೆನಪಾಗುತ್ತದೆ. ಇವತ್ತೇ ಹೇಳಿದರೆ ಉಪಕಾರ.

ಬಾಗಲಕೋಟೆಯ ನಿವೃತ್ತ ಮೇಷ್ಟ್ರು:

ಕೇಂದ್ರೀಕರಣ ಬೇಡವೇ ಬೇಡ. ಬಾಕಿಯೂ ಬೇಡ, ಅದು ಅರಬ್ಬಿ. ವಸೂಲಿಯೂ ಅರಬ್ಬಿ. ಉದ್ರಿ ಮರಾಠಿಯ ದಾರಿಯಲ್ಲಿ ಬಂದದ್ದು, ಬೇರು ಸಂಸ್ಕೃತದ ಉದ್ಧಾರ. ನಮ್ಮದೇ 'ಕಡ' ಇದೆ. ಕಡ ತಂದೆ, ಕಡ ತೀರಿಸಿದೆ ಅಂತ ಹಳ್ಳಿಯಲ್ಲಿ ಈಗಲೂ ಅಂತಾರೆ. 'ಒತ್ತಟ್ಟಿನ ಕಡ' ಅಂತ ಹಾಕಿ, ಮುಗಿಯಿತು.

ಉದ್ಯಮಬಾಗದಲ್ಲಿ ಲೆಕ್ಕ ಬರೆಯುವವರು:

ಮೇಷ್ಟ್ರೇ, ಕಡ ಅಂದರೆ ಕೈಯಿಂದ ಕೈಗೆ ಕೊಟ್ಟ ಸಾಲ. ಮಾಲು ಕಳಿಸಿ, ಬಿಲ್ಲು ಹಾಕಿ ಕಾಯೋದಕ್ಕೆ ಇಲ್ಲಿ ಯಾರೂ ಕಡ ಅನ್ನಲ್ಲ. 'ಪುಣೆ ಪಾರ್ಟಿ ಕಡೆ ಬಾಕಿ ನಿಂತಿದೆ' ಅಂತಾರೆ. ಸಹಕಾರಿ ಸಂಘದ ಅಢಾವೆ ಪತ್ರಿಕೆಯಲ್ಲೂ ಬರಬೇಕಾದ ದುಡ್ಡಿಗೆ 'ಯೇಣೆ ಬಾಕಿ' ಅಂತ ಇರುತ್ತದೆ. ಅಕ್ಕಾವ್ರೆ, ಅಳೆಯುವ ಅಂಕಿಗೆ 'ದೊಡ್ಡ ಗಿರಾಕಿಗಳ ಬಾಕಿ ಪಾಲು' ಅನ್ನಿ. ತಲೆಬರಹಕ್ಕೆ 'ಕೆಲವರ ಕಡೆಯೇ ನಿಂತ ಬಾಕಿ' ಸಾಕು.

ಬಾಗಲಕೋಟೆಯ ಕಾಮರ್ಸ್ ಉಪನ್ಯಾಸಕರು:

ಇಷ್ಟೆಲ್ಲ ಯಾಕೆ? 'ದೊಡ್ಡ ಗಿರಾಕಿಗಳ ಪಾಲು' ಅಂದರೆ ಆಯಿತು. ಮಾರಾಟದಲ್ಲಿ ಅವರ ಪಾಲು ಶೇ. 30 ಇದ್ದರೆ ಬಾಕಿಯಲ್ಲೂ ಸುಮಾರು ಅಷ್ಟೇ ಇರುತ್ತದೆ. ಅಲ್ಲದೆ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಕಾರ್ಖಾನೆಗೆ 45 ದಿನದೊಳಗೆ ದುಡ್ಡು ಕೊಡಲೇಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಗಿರಾಕಿ ದೊಡ್ಡ ಕಂಪನಿ ಆದಷ್ಟೂ ಭಯ ಕಡಿಮೆ.

ಉದ್ಯಮಬಾಗದಲ್ಲಿ ಲೆಕ್ಕ ಬರೆಯುವವರು:

ಕಾಯ್ದೆಯ ಮಾತು ಸರಿ ಸರ್. ಆದರೆ ಮಾರಾಟದ ಪಾಲೇ ಬಾಕಿಯ ಪಾಲು ಅನ್ನೋದು ತಪ್ಪು. 'ಬಾಕಿ' ಪದ ಬಿಟ್ಟರೆ ಓದುವವರೂ ಅದೇ ತಪ್ಪು ಮಾಡುತ್ತಾರೆ.

ಒಂದು ಮಷಿನ್ ಶಾಪ್ ತಗೊಳ್ಳಿ. ತಿಂಗಳಿಗೆ 40 ಲಕ್ಷದ ಬಿಲ್ಲು. ಅದರಲ್ಲಿ 12 ಲಕ್ಷ ಒಬ್ಬ ಗಿರಾಕಿಯದು, ಅಂದರೆ ಶೇ. 30. ಅವನು ದುಡ್ಡು ಕೊಡೋದು 90 ದಿನಕ್ಕೆ. ಹಾಗಾಗಿ ಅವನ ಕಡೆ ಯಾವಾಗಲೂ ಮೂರು ತಿಂಗಳ ಬಿಲ್ಲು, 36 ಲಕ್ಷ ನಿಂತಿರುತ್ತದೆ. ಉಳಿದವರು ಸುಮಾರು 47 ದಿನಕ್ಕೆ ಕೊಡುತ್ತಾರೆ, ಎಲ್ಲರದೂ ಸೇರಿ ಹತ್ತಿರ ಹತ್ತಿರ 44 ಲಕ್ಷ. ಒಟ್ಟು ಬಾಕಿ 80 ಲಕ್ಷದಲ್ಲಿ ಅವನದು ಶೇ. 45. ಮಾರಾಟ ನೋಡಿ ಕೂತವನಿಗೆ ಇದು ಕಾಣೋದೇ ಇಲ್ಲ.

ಈಗ ಬ್ಯಾಂಕು. 90 ದಿನ ಮೀರಿದ ಬಿಲ್ಲನ್ನು ಡ್ರಾಯಿಂಗ್ ಪವರ್, ಅಂದರೆ ಎಷ್ಟು ಸಾಲ ಎತ್ತಬಹುದು ಅನ್ನೋ ಲೆಕ್ಕಕ್ಕೆ ಸೇರಿಸಲ್ಲ ಅಂತಿಟ್ಟುಕೊಳ್ಳಿ, ಬ್ಯಾಂಕು ಹಿಡಿದಿಟ್ಟುಕೊಳ್ಳುವ ಮಾರ್ಜಿನ್ ಶೇ. 25. ಸ್ಟಾಕ್ ಬಿಟ್ಟು ಬಾಕಿಯ ಭಾಗವನ್ನಷ್ಟೇ ನೋಡೋಣ. 80 ಲಕ್ಷಕ್ಕೆ 60 ಲಕ್ಷ ಸಿಗುತ್ತದೆ, ಮಾಲೀಕರು 55 ಲಕ್ಷ ಎತ್ತಿದ್ದಾರೆ. ದೊಡ್ಡ ಗಿರಾಕಿ ದುಡ್ಡು ಕೊಡೋದನ್ನು ನಿಲ್ಲಿಸಿದ. ಇವರು ಮಾಲು ಕಳಿಸುತ್ತಲೇ ಇದ್ದಾರೆ. ಒಂದು ತಿಂಗಳಾದ ಮೇಲೆ 12 ಲಕ್ಷದ ಹಳೇ ಬಿಲ್ಲು ಲೆಕ್ಕದಿಂದ ಬಿತ್ತು, 12 ಲಕ್ಷದ ಹೊಸ ಬಿಲ್ಲು ಸೇರಿತು. ಡ್ರಾಯಿಂಗ್ ಪವರ್ 60ಕ್ಕೇ ನಿಂತಿದೆ. ಸ್ಟೇಟ್‌ಮೆಂಟ್‌ನ ಆ ಸಾಲು ನೋಡಿದರೆ ಏನೂ ಆಗೇ ಇಲ್ಲ ಅನ್ನಿಸುತ್ತದೆ. ಆದರೆ ಅವನ ಬಾಕಿ 48 ಲಕ್ಷ, ಪಾಲು ಶೇ. 52. ಇನ್ನೊಂದು ತಿಂಗಳಿಗೆ 60 ಲಕ್ಷ, ಶೇ. 58. ಎಚ್ಚರಿಕೆ ಕೊಡೋದು ಈ ಪಾಲು ಮಾತ್ರ.

ಮೊದಲ ದಿನವೇ ಹೆದರಿ ಮಾಲು ನಿಲ್ಲಿಸಿದರೆ? ಆಗ ಹೊಸ ಬಿಲ್ಲಿಲ್ಲ, ಹಳೆಯದು ತಿಂಗಳಿಗೆ 12 ಲಕ್ಷ ಬೀಳುತ್ತಾ ಹೋಗುತ್ತದೆ. ತಿಂಗಳಿಗೇ ಡ್ರಾಯಿಂಗ್ ಪವರ್ 51, ಮೂರು ತಿಂಗಳಿಗೆ 33. ಎತ್ತಿದ್ದು 55, ಅಂದರೆ 22 ಲಕ್ಷ ಕೈಯಿಂದ ತುಂಬಬೇಕು. ಅದಕ್ಕೇ ಮಾಲೀಕರು ದುಡ್ಡು ಬರದಿದ್ದರೂ ಮಾಲು ಕಳಿಸುತ್ತಲೇ ಇರುತ್ತಾರೆ. ಅರ್ಧದಷ್ಟು ಬಾಕಿ ಇರುವವನ ಮೇಲೆ ಬಡ್ಡಿಗೆ ಅರ್ಜಿ ಹಾಕೋ ಧೈರ್ಯ ಎಷ್ಟು ಜನಕ್ಕಿದೆ ಸರ್?

ಬಾಗಲಕೋಟೆಯ ಕಾಮರ್ಸ್ ಉಪನ್ಯಾಸಕರು:

ಮಾರಾಟ, ಬಾಕಿ ಬೇರೆ ಅನ್ನೋದು ಒಪ್ಪಿದೆ. ಬಡ್ಡಿ ಕೇಳದಿರೋದು ಅವರ ಆಯ್ಕೆ, ಕಾಯ್ದೆಯ ತಪ್ಪಲ್ಲ.

ವಿಜಯಪುರದ ದ್ರಾಕ್ಷಿ ಬೆಳೆಗಾರರು:

ನಮ್ಮದೂ ಇದೇ ಪರಿಸ್ಥಿತಿ. ಒಣದ್ರಾಕ್ಷಿಯನ್ನು ತಾಸಗಾಂವ ಪೇಟೆಗೆ ಕಳಿಸುತ್ತೇವೆ, ಎಲ್ಲಾ ಒಬ್ಬರೇ ದಲಾಲರ ಅಂಗಡಿಗೆ. ಲಿಲಾವಿನಲ್ಲಿ ಕೊಳ್ಳುವವರು ಮಾತ್ರ ಬೇರೆ ಬೇರೆ. ಅಂದ ಮೇಲೆ ನಮ್ಮ ಬಾಕಿ ಹಂಚಿಕೊಂಡಿದೆ, ಅಪಾಯ ಇಲ್ಲ ಅಂತಲಾ? ಇದಕ್ಕೆ ಯಾವ ಪದ ಹೇಳಬೇಕು?

ಬಾಗಲಕೋಟೆಯ ನಿವೃತ್ತ ಮೇಷ್ಟ್ರು:

ಲಿಲಾವು, ದಲಾಲ, ಯೇಣೆ. ಒಂದಾದರೂ ಕನ್ನಡ ಇದೆಯಾ? ಗಡಿಯಲ್ಲಿ ಕೂತು ಕನ್ನಡ ಕೈಪಿಡಿಗೆ ಮರಾಠಿ ತುಂಬಬೇಡಿ. ಬೆಳಗಾವಿಯಲ್ಲಿ ಕನ್ನಡದ ಬೋರ್ಡಿಗಾಗಿ ಎಷ್ಟು ಜನ ಒದ್ದಾಡಿದ್ದಾರೆ ಅನ್ನೋದು ನನಗೆ ಗೊತ್ತು.

ಉದ್ಯಮಬಾಗದಲ್ಲಿ ಲೆಕ್ಕ ಬರೆಯುವವರು:

ಬೋರ್ಡಿನ ಹೋರಾಟ ಬೇರೆ, ಅಂಗಡಿಯ ಮಾತು ಬೇರೆ. ಕಿರ್ದಿ, ಖಾತೆ, ಬಾಕಿ ಬರೆದೇ ನಮ್ಮ ಹಿರಿಯರು ಕನ್ನಡದಲ್ಲಿ ಲೆಕ್ಕ ಇಟ್ಟರು. ಅವನ್ನು ಕಿತ್ತರೆ ಆ ಜಾಗಕ್ಕೆ ಬರೋದು ಇಂಗ್ಲಿಷ್, ಹಳಗನ್ನಡ ಅಲ್ಲ. 'ಯೇಣೆ' ಬೇಕಾದರೆ ಬಿಡೋಣ, 'ಬಾಕಿ' ಬಿಡಲ್ಲ.

ದ್ರಾಕ್ಷಿಯವರೇ, ನಿಮ್ಮ ಪ್ರಶ್ನೆ ಪದದ್ದಲ್ಲ, ಆದರೆ ಬಹಳ ಮುಖ್ಯ. ಮಾರಾಟದ ಪಟ್ಟಿ ಯಾರ ಹೆಸರಿನಲ್ಲಿ ಬರುತ್ತದೆ? ಕೊಂಡವನು ಮುಳುಗಿದರೂ ದಲಾಲರೇ ನಿಮಗೆ ದುಡ್ಡು ಕೊಡಬೇಕಾ? ಹೌದಾದರೆ ಕೊಂಡವರು ಎಷ್ಟೇ ಜನ ಇರಲಿ, ನಿಮ್ಮ ಬಾಕಿ ಪೂರ್ತಿ ಒಬ್ಬರ ಕಡೆಯೇ ನಿಂತಿದೆ. ಶೇ. 100.

ಅಕ್ಕಾವ್ರೆ, ಕೈಪಿಡಿಯಲ್ಲಿ ಇದರ ತಿರುವುಮುರುವೂ ಬರಲಿ. ಒಂದೇ ಕಂಪನಿಗೆ ಪುಣೆ ಪ್ಲಾಂಟಿಗೊಂದು, ಹೊಸೂರು ಪ್ಲಾಂಟಿಗೊಂದು ಖಾತೆ ಇರುತ್ತದೆ, ಜಿಎಸ್‌ಟಿ ನಂಬರ್ ಬೇರೆ. ಮೇಲಿನ 36 ಲಕ್ಷ ಹೀಗೆ 24, 12 ಅಂತ ಒಡೆದಿದ್ದರೆ ಬಾಕಿದಾರರ ಪಟ್ಟಿಯ ಮೇಲ್ಗಡೆ ಶೇ. 30 ಅಷ್ಟೇ ಕಾಣುತ್ತದೆ. ದುಡ್ಡು ಕೊಡೋ ನಿರ್ಧಾರ ಒಂದೇ ಕಡೆ ಆಗುವುದಾದರೆ ಕೂಡಿಸಿಯೇ ಎಣಿಸಬೇಕು. ಬಿಲ್ಲಿಗೆ ಹೊಂದಿಸದೆ ಆನ್ ಅಕೌಂಟ್ ಅಂತ ಬಿಟ್ಟ ಜಮೆಯನ್ನೂ ಮೊದಲು ಕಳೆದುಬಿಡಿ. ಇಲ್ಲದಿದ್ದರೆ ಬಂದ ದುಡ್ಡೂ ಬಾಕಿಯಲ್ಲೇ ತೋರುತ್ತದೆ.

ವಿಜಯಪುರದ ದ್ರಾಕ್ಷಿ ಬೆಳೆಗಾರರು:

ಪಟ್ಟಿ ದಲಾಲರ ಅಂಗಡಿಯದೇ. ಕೊಂಡವನು ಕೈಯೆತ್ತಿದರೆ ಯಾರು ಕೊಡಬೇಕು ಅಂತ ಮಾತಾಡಿಕೊಂಡಿಲ್ಲ. ಕೇಳಿ ಬರೆಯುತ್ತೇನೆ.

ಬೆಳಗಾವಿಯ ಅನುವಾದಕಿ:

ತಲೆಬರಹ 'ಕೆಲವರ ಕಡೆಯೇ ನಿಂತ ಬಾಕಿ', ಕೋಷ್ಟಕದ ಕಾಲಂಗೆ 'ದೊಡ್ಡ ಗಿರಾಕಿಗಳ ಬಾಕಿ ಪಾಲು' ಅಂತ ಹಾಕಿದೆ. ಎರಡು ಖಾತೆ ಕೂಡಿಸುವ ಮಾತು ಮೂಲದಲ್ಲಿಲ್ಲ. ಅಡಿಟಿಪ್ಪಣಿಯಾಗಿ ಸೇರಿಸಲು ಪ್ರಕಾಶಕರನ್ನು ಕೇಳಿದ್ದೇನೆ. ಮೇಷ್ಟ್ರೇ, 'ಒತ್ತಟ್ಟಿನ' ಪದ ಚೆನ್ನಾಗಿದೆ. ಆದರೆ 'ಕಡ' ಅಂದರೆ ಕಾರ್ಖಾನೆಯವರು ತಾವು ತಂದ ಸಾಲ ಅಂತಲೇ ಓದಿಕೊಳ್ಳುತ್ತಾರೆ.

ಬಾಗಲಕೋಟೆಯ ನಿವೃತ್ತ ಮೇಷ್ಟ್ರು:

ಹಾಗೆ ಓದುವವರಿಗೆ ಕಲಿಸಬೇಕು. ನನ್ನ ಆಕ್ಷೇಪ ಇದ್ದೇ ಇದೆ.