ಸಹಾಯ ಬೇಕು: ಜರ್ಮನ್‌ನಲ್ಲಿ ‘ಐನೆ’ ಯಾವಾಗ ಬಿಡಬೇಕು?

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನಲ್ಲಿ ನರ್ಸ್. ಜರ್ಮನ್ ಬಿ1 ಪರೀಕ್ಷೆಗೆ ಓದುತ್ತಿದ್ದೇನೆ. ನಿನ್ನೆ ಸ್ವಪರಿಚಯ ಬರೆದುಕೊಟ್ಟೆ. ‘ಇಶ್ ಬಿನ್ ಐನೆ ಇಂಡರಿನ್, ಇಶ್ ಬಿನ್ ಐನೆ ಕ್ರಾಂಕನ್‌ಶ್ವೆಸ್ಟರ್’ ಎಂದಿತ್ತು, ಅಂದರೆ ನಾನು ಭಾರತೀಯಳು, ನಾನು ನರ್ಸ್. ‘ಐನೆ’ ಇಂಗ್ಲಿಷಿನ ‘ಎ’ ಥರ, ‘ಒಬ್ಬ, ಒಂದು’ ಅಂತ. ಮೇಡಂ ಎರಡೂ ‘ಐನೆ’ಗೆ ಕೆಂಪು ಗೆರೆ ಎಳೆದರು.

ತಪ್ಪು ಎಲ್ಲಿಂದ ಬಂತು ಅಂತ ಗೊತ್ತಾಯಿತು. ಇಂಗ್ಲಿಷಿನ ‘ಐ ಆ್ಯಮ್ ಎ ನರ್ಸ್’ ಅಭ್ಯಾಸ. ಕನ್ನಡದಲ್ಲಿ ‘ನಾನು ನರ್ಸ್’ ಅಂತೀವಿ, ‘ಒಬ್ಬ ನರ್ಸ್’ ಅನ್ನಲ್ಲ ಅಲ್ವಾ? ಜರ್ಮನ್ನರೂ ಹಾಗೇ. ಆದರೆ ನರ್ಸ್ ಪದದ ಮುಂದೆ ‘ಒಳ್ಳೆಯ’ ಥರದ ವಿಶೇಷಣ ಬಂದರೆ ‘ಐನೆ’ ವಾಪಸ್: ‘ಇಶ್ ಬಿನ್ ಐನೆ ಗೂಟೆ ಕ್ರಾಂಕನ್‌ಶ್ವೆಸ್ಟರ್.’ ಇಷ್ಟು ಸರಿಹೋಯಿತು.

ಸಿಕ್ಕಿಕೊಂಡಿರುವುದು ಇಲ್ಲಿ. ‘ಇಶ್ ಆರ್ಬೈಟೆ ಆಲ್ಸ್ ಕ್ರಾಂಕನ್‌ಶ್ವೆಸ್ಟರ್’ ಎಂದರೆ ನರ್ಸ್ ಆಗಿ ಕೆಲಸ ಮಾಡುತ್ತೇನೆ. ಇದಕ್ಕೆ ‘ಅನುಭವಿ’ ಸೇರಿಸಿದಾಗ ಪುಸ್ತಕದಲ್ಲಿ ‘ಆಲ್ಸ್ ಎರ್‌ಫಾರನೆ ಕ್ರಾಂಕನ್‌ಶ್ವೆಸ್ಟರ್’ ಎಂದೇ ಇದೆ. ವಿಶೇಷಣ ಇದೆ, ‘ಐನೆ’ ಇಲ್ಲ! ‘ಆಲ್ಸ್’ ಇದ್ದರೆ ಬಿಡಬಹುದು ಅಂತಲೇ? ಇನ್ನೊಂದು, ‘ನಾನು ಡಾಕ್ಟರ್ ಅಲ್ಲ’ ಅನ್ನುವಾಗ ‘ಇಶ್ ಬಿನ್ ಕೈನೆ ಏರ್‌ಟ್ಸ್‌ಟಿನ್’ ಅಂತಾರೆ. ‘ಕೈನೆ’ ಅಂದರೆ ‘ಐನೆ’ಯ ನಿಷೇಧರೂಪ. ಇಲ್ಲದ ‘ಐನೆ’ಗೆ ‘ಕೈನೆ’ ಯಾಕೆ?

ಕಾಫಿಯದ್ದೂ ಇದೇ ಕಥೆ. ‘ಇಶ್ ಟ್ರಿಂಕೆ ಕಾಫೆ’ ಅಂದರೆ ಸುಮ್ನೆ ಕಾಫಿ ಕುಡೀತೀನಿ. ಹೋಟೆಲಿನಲ್ಲಿ ಕೇಳುವಾಗ ಮಾತ್ರ ‘ಐನನ್ ಕಾಫೆ’, ಅಂದರೆ ಒಂದು ಕಪ್. ‘ಟೇಬಲ್ ಮರದ್ದು’ ಅನ್ನಲು ‘ಆಉಸ್ ಹೋಲ್ಟ್ಸ್’ ಸಾಕು. ‘ಐನೆ’ಗೆ ಬಹುವಚನವೇ ಇಲ್ಲ, ಹಾಗಾಗಿ ‘ಇಶ್ ಹಾಬೆ ಫ್ರಾಗನ್’, ನನಗೆ ಪ್ರಶ್ನೆಗಳಿವೆ. ಇವು ತೊಂದರೆ ಕೊಡುತ್ತಿಲ್ಲ.

ಜರ್ಮನಿಯಲ್ಲಿ ಇರುವವರು ಯಾರಾದರೂ ‘ಆಲ್ಸ್’, ‘ಕೈನೆ’ ಎರಡನ್ನು ಬಿಡಿಸಿ ಹೇಳ್ತೀರಾ? ಶನಿವಾರ ಮತ್ತೆ ಬರೆದು ಕೊಡಬೇಕು.