ಸಹಾಯ ಬೇಕು: ಈಮೇಲ್‌ನಲ್ಲಿ ‘ಹ್ಯಾವ್ ಸೆಂಟ್’ ಯಾವಾಗ, ಬರೀ ‘ಸೆಂಟ್’ ಯಾವಾಗ?

ಎಲ್ಲರಿಗೂ ನಮಸ್ಕಾರ. ‘ಐ ಹ್ಯಾವ್ ಸೆಂಟ್ ದ ಫೈಲ್ ಯೆಸ್ಟರ್‌ಡೇ’ ಅಂತ ನಾನು ವರ್ಷಗಟ್ಟಲೆ ಬರೆದಿದ್ದೇನೆ. ಅದು ತಪ್ಪು ಅಂತ ಮೊನ್ನೆ ಗೊತ್ತಾಯಿತು. ಕನ್ನಡದಲ್ಲಿ ‘ನಿನ್ನೆ ಕಳಿಸಿದ್ದೇನೆ’ ಅನ್ನುತ್ತೇವೆ, ಯಾರಿಗೂ ಏನೂ ಅನಿಸಲ್ಲ, ಅಲ್ವಾ? ಅದನ್ನೇ ಸುಮ್ನೆ ಇಂಗ್ಲಿಷಿಗೆ ಎಳೆದುಕೊಂಡು ಹೋಗಿದ್ದೆ. ಇಂಗ್ಲಿಷ್‌ನಲ್ಲಿ ಯೆಸ್ಟರ್‌ಡೇ, ಲಾಸ್ಟ್ ವೀಕ್ ತರಹ ಮುಗಿದುಹೋದ ಸಮಯ ಹೇಳಿದರೆ ಬರೀ ‘ಸೆಂಟ್’ ಸಾಕಂತೆ, ಸಮಯ ಹೇಳದಿದ್ದರೆ ‘ಹ್ಯಾವ್ ಸೆಂಟ್’ ಸರಿ. ಇಷ್ಟು ಅರ್ಥವಾಯಿತು.

ಸಿಕ್ಕಿಕೊಂಡಿರುವುದು ‘ದಿಸ್ ಮಾರ್ನಿಂಗ್’ ಹತ್ತಿರ. ಬೆಳಿಗ್ಗೆ ಹನ್ನೊಂದಕ್ಕೆ ಬರೆದರೆ ‘ಹ್ಯಾವ್ ಸೆಂಟ್’, ಸಂಜೆ ಬರೆದರೆ ‘ಸೆಂಟ್’ ಅಂತ ಬದಲಾಗುತ್ತದಾ? ಇನ್ನೊಂದು, ‘ಐ ಸೆಂಟ್ ಇಟ್ ಆನ್ ಮಂಡೇ ಅಂಡ್ ಹ್ಯಾವ್ ಅಟ್ಯಾಚ್ಡ್ ಇಟ್ ಅಗೇನ್’ ಅಂತ ಒಂದೇ ವಾಕ್ಯದಲ್ಲಿ ಎರಡು ಕಾಲ ಬೆರೆಸಬಹುದಾ? ತಿಳಿದವರು ಉದಾಹರಣೆ ಕೊಟ್ಟು ಹೇಳಿ.